ಕಂಪ್ಲಿ ಅಧ್ಯಾಯ

ಆ ವರ್ಷದ ಡೈರಿಯನ್ನು ನಾನು ಎರಡು ಪಾಲು ಮಾಡಿಕೊಂಡಿದ್ದೆ. ಎಡಪುಟದಲ್ಲಿ ಕೋರ್ಟಿನ ತಾರೀಕುಗಳು, ಬಲಪುಟದಲ್ಲಿ ಪುಸ್ತಕದ ಕೆಲಸ. ವರ್ಷದ ಕೊನೆಗೆ ತಿರುಗಿ ನೋಡಿದರೆ ಎಡಪುಟದ್ದು ಬಲಕ್ಕೂ ಬಲಪುಟದ್ದು ಎಡಕ್ಕೂ ಹರಿದುಹೋಗಿದೆ. ಯಾವುದು ಮೊಕದ್ದಮೆ, ಯಾವುದು ಪುಸ್ತಕ ಎಂದು ಆಗಲೂ ನನಗೆ ತಿಳಿದಿರಲಿಲ್ಲ, ಈಗಲೂ ಪೂರ್ತಿ ತಿಳಿದಿಲ್ಲ.

ಧಾರವಾಡದಲ್ಲಿ ಕಾನೂನು ಓದಿ ಮುಗಿಸಿ ಹೊಸಪೇಟೆಗೆ ಬಂದು ಒಬ್ಬ ಹಿರಿಯ ವಕೀಲರ ಕಚೇರಿ ಸೇರಿದ್ದೆ. ಅವರನ್ನು ನಾನು ಸೀನಿಯರ್ ಎನ್ನುತ್ತಿದ್ದೆ. ಅವರ ಮನೆತನದವರು ಹಿಂದೆ ಹಂಪಿಯಲ್ಲಿ ಪೂಜೆ ಮಾಡಿಕೊಂಡಿದ್ದವರು. ಇವರು ಮಾತ್ರ ಕರಿ ಕೋಟು ಹಾಕಿದರು. ಆದರೂ ಗುಡಿ ಬಿಡಲಿಲ್ಲ. ಸುತ್ತಮುತ್ತಲಿನ ಅರ್ಚಕರ ಜಗಳ, ಧರ್ಮದರ್ಶಿಗಳ ಜಗಳ, ಗುಡಿ ಜಮೀನಿನ ಜಗಳ ಎಲ್ಲವೂ ಇವರ ಮೇಜಿಗೇ ಬರುತ್ತಿದ್ದವು.

"ನೋಡು ತಂಗೀ," ಎಂದು ಅವರು ಕಕ್ಷಿದಾರರಿಲ್ಲದ ಮಧ್ಯಾಹ್ನಗಳಲ್ಲಿ ಹೇಳುತ್ತಿದ್ದರು, "ಹೊಸಪೇಟಿ, ಕಂಪ್ಲಿ ಮದ್ರಾಸಿನ ಸರ್ಕಾರದಾಗ ಇದ್ವು. ಅದಕ್ಕ ಇಲ್ಲಿ ಗುಡಿಗೋಳಿಗೆ ಇನ್ನೂ ಮದ್ರಾಸಿನ ಕಾಯ್ದೆ. ಹೊಳಿ ದಾಟಿದ್ರ ಹೈದ್ರಾಬಾದಿಂದು. ಸಂಡೂರಾಗ ಮೊದ್ಲು ರಾಜರು ಹೇಳಿದ್ದ ಕಾಯ್ದೆ. ದೇವ್ರು ಅದ, ಪೂಜಿ ಅದ, ಕಾಯ್ದಿ ಬ್ಯಾರೆ. ಇದನ್ನ ಯಾರರ ಬರದಾರೇನು?"

ಯಾರೂ ಬರೆದಿರಲಿಲ್ಲ. ಹಾಗಾಗಿ ಇವರೇ ಬರೆಯಲು ಹೊರಟರು. ಇತಿಹಾಸದ ಭಾಗಕ್ಕೆ ಊರಿನ ಕಾಲೇಜಿನ ಇತಿಹಾಸದ ಉಪನ್ಯಾಸಕಿಯೊಬ್ಬರು ಜೊತೆಯಾದರು. ನಾವೆಲ್ಲ ಅವರನ್ನು ಮೇಡಂ ಎನ್ನುತ್ತಿದ್ದೆವು. ಅವರ ಲೇಖನಗಳು ಅಲ್ಲಿ ಇಲ್ಲಿ ಬಂದಿದ್ದವು, ಪುಸ್ತಕ ಆಗಿರಲಿಲ್ಲ. ವಿಶ್ವವಿದ್ಯಾಲಯದವರು ಓದುವಂಥ ಪುಸ್ತಕಗಳನ್ನಷ್ಟೇ ಹಾಕುವ, ಮದರಾಸಿನಲ್ಲಿ ಕಚೇರಿಯಿದ್ದ ಒಂದು ಪ್ರಕಾಶನಕ್ಕೆ ಅವರೇ ಪತ್ರ ಬರೆದರು. ಅಲ್ಲಿಂದ ಒಬ್ಬ ಸಂಪಾದಕಿ ಉತ್ತರಿಸಿ, ಪುಸ್ತಕದ ಪ್ರಸ್ತಾವ ಹೇಗಿರಬೇಕೆಂದು ಒಂದು ಹಾಳೆ ಕಳಿಸಿದರು. ಪುಸ್ತಕದ ವಾದವೇನು, ಒಂದೊಂದು ಅಧ್ಯಾಯದಲ್ಲಿ ಏನಿರುತ್ತದೆ, ಎಷ್ಟು ಉದ್ದ, ಯಾವಾಗ ಮುಗಿಯುತ್ತದೆ, ಯಾರು ಓದುತ್ತಾರೆ, ಇದೇ ವಿಷಯದ ಬೇರೆ ಪುಸ್ತಕಗಳು ಯಾವುವು, ಅವಕ್ಕಿಂತ ಇದು ಹೇಗೆ ಬೇರೆ. ಜೊತೆಗೆ ಪೂರ್ತಿ ಬರೆದ ಒಂದು ಮಾದರಿ ಅಧ್ಯಾಯ.

ಸೀನಿಯರ್ ಆ ಹಾಳೆ ಓದಿ, ಕನ್ನಡಕ ಒರೆಸಿಕೊಂಡು, ಇಂಗ್ಲಿಷಿನಲ್ಲಿ ಪ್ರಸ್ತಾವ ಹೇಳಿ ನನ್ನಿಂದ ಟೈಪು ಹೊಡೆಸಿದರು. ಅವರು ಹೇಳಿದ್ದನ್ನು ಹೇಳಿದಂತೆ ನಾನು ಹೊಡೆದೆ. ಸಂಜೆ ಮೇಡಂ ಬಂದು ಓದಿದರು. ಕಂಡಿಕೆಗಳಿಗೆಲ್ಲ, ಅಂದರೆ ಪ್ಯಾರಾಗಳಿಗೆಲ್ಲ, ನಂಬರು ಬಿದ್ದಿತ್ತು. ಪುಸ್ತಕ ಬರೆಯಲು ಕಾರಣ ಉದ್ಭವಿಸಿದ್ದು ಹೊಸಪೇಟೆಯಲ್ಲಿ ಎಂದಿತ್ತು. ಕೊನೆಗೆ, ಪುಸ್ತಕವನ್ನು ಪ್ರಕಟಿಸಬೇಕೆಂದೂ ತಮಗೆ ಸೂಕ್ತವೆನಿಸುವ ಇತರ ಪರಿಹಾರಗಳನ್ನು ದಯಪಾಲಿಸಬೇಕೆಂದೂ ಪ್ರಾರ್ಥನೆ ಇತ್ತು.

"ವಕೀಲ್ರ, ಇದು ದಾವಾ ಅರ್ಜಿ ಆತಲ್ರೀ," ಎಂದರು ಮೇಡಂ. "ಇದನ್ನ ಓದಿದ್ರ ಅವ್ರು ಪುಸ್ತಕ ಹಾಕಂಗಿಲ್ಲ, ಸಮನ್ಸ್ ಕಳಿಸ್ತಾರ."

"ಕೇಳೋದು ಅಂದ್ರ ಹಂಗ ಕೇಳ್ಬೇಕ್ರಿ. ಬ್ಯಾರೆ ಹೆಂಗ ಕೇಳ್ತಾರ?"

"ಮತ್ತ ಇದೇನು, ಯಾರು ಓದ್ತಾರ ಅಂದ್ರ 'ಸಮಸ್ತ ಸಾರ್ವಜನಿಕರು' ಅಂತ ಬರದೀರಿ? ಸಮಸ್ತರು ಓದಂಗಿಲ್ರೀ. ಯೂನಿವರ್ಸಿಟಿ ಲೈಬ್ರರಿ, ವಕೀಲ್ರು, ಸಂಶೋಧನಾ ಮಾಡೋರು, ಇಷ್ಟ ಮಂದಿ."

"ಅಂದ್ರ ನಾವು ಮೂರು ಮಂದಿ, ಮತ್ತ ಆ ಸಂಪಾದಕಿ."

"ನಾವು ಓದಂಗಿಲ್ರೀ, ನಾವು ಬರದೀವಲ್ಲ," ಎಂದು ಮೇಡಂ ಪೆನ್ನು ತೆಗೆದು ತಿದ್ದತೊಡಗಿದರು.

ಮಾದರಿಗೆ ಯಾವ ಅಧ್ಯಾಯ ಎಂಬುದರಲ್ಲಿ ಮಾತ್ರ ಇಬ್ಬರಿಗೂ ಒಂದೇ ಮಾತು. ಕಂಪ್ಲಿಯದು. ಅದು ಸೀನಿಯರ್ ಕೈಯಲ್ಲಿದ್ದ ಒಂದು ಮೊಕದ್ದಮೆಯಿಂದ ಹುಟ್ಟಿದ ಅಧ್ಯಾಯ.

ಕಂಪ್ಲಿಯಲ್ಲಿ ಹೊಳೆಯ ದಿಕ್ಕಿಗೆ ಒಂದು ಗುಡಿ. ಅದರ ಪೂಜೆಯನ್ನು ಒಂದೇ ಮನೆತನದ ಶಾಖೆಗಳು ಪಾಳಿಯ ಮೇಲೆ ಮಾಡಿಕೊಂಡು ಬಂದಿದ್ದವು. ಕಾಲುವೆ ಬಂದು ಗದ್ದೆ ಎರಡು ಬೆಳೆ ಕೊಡತೊಡಗಿದ ಮೇಲೆ, ಕಬ್ಬು ಮನೆಮನೆಗೂ ದುಡ್ಡು ತಂದ ಮೇಲೆ ಗುಡಿಗೂ ಕಾಣಿಕೆ ಹೆಚ್ಚಿತು. ಯಾರಿಗೂ ಬೇಡವಾಗಿದ್ದ ಪಾಳಿಗೆ ಬೆಲೆ ಬಂತು. ನಮ್ಮ ಕಕ್ಷಿದಾರರು ಒಬ್ಬ ಅರ್ಚಕರು. ಅವರ ಅಜ್ಜನಿಗೆ ಗಂಡುಮಕ್ಕಳಿರಲಿಲ್ಲ, ಮಗಳ ಮಗನಾದ ಇವರು ಅಜ್ಜನ ಪಾಳಿ ನಡೆಸುತ್ತಿದ್ದರು. ಹೆಣ್ಣಿನ ಕಡೆಯವರಿಗೆ ಪಾಳಿ ಹೋಗುವ ರೂಢಿ ನಮ್ಮಲ್ಲಿಲ್ಲ ಎಂದು ದಾಯಾದಿಗಳು ದಾವಾ ಹೂಡಿದರು. ಮುನ್ಸೀಫ್ ಕೋರ್ಟಿನಲ್ಲಿ ಅರ್ಚಕರು ಸೋತರು. ಮೇಲಿನ ಕೋರ್ಟಿಗೆ ಅಪೀಲು ಹೋಯಿತು, ತಡೆಯಾಜ್ಞೆ ಸಿಕ್ಕಿತು, ಆ ತಡೆಯಾಜ್ಞೆಯ ಮೇಲೆ ಅವರು ಗುಡಿಯ ಬಾಗಿಲು ತೆಗೆಯುತ್ತಿದ್ದರು. ರೂಢಿ ಇದೆ ಎಂದು ತೋರಿಸುವುದೇ ನಮ್ಮ ವಾದ.

ಆದರೆ ಅರ್ಚಕರು ಒಂದು ದಿನ ಕಚೇರಿಗೆ ಬಂದು, ಬಾಗಿಲು ಮುಂದೆ ಮಾಡಿ, ಸೀನಿಯರ್‌ಗೆ ಒಂದು ಸಂಗತಿ ಹೇಳಿದ್ದರು. ಅವರ ಅಜ್ಜನಿಗೆ ಸಂಡೂರಿನ ಒಂದು ಗುಡಿಯಲ್ಲೂ ಪಾಲಿತ್ತಂತೆ. ಅಲ್ಲಿ ಅಜ್ಜನ ಅಣ್ಣನ ಮೊಮ್ಮಗನೊಬ್ಬ, ಮಗಳ ಮಗನೇ, ಪಾಳಿ ಕೇಳಿಕೊಂಡು ಬಂದಾಗ ಅಜ್ಜನೇ ಎದ್ದು ನಿಂತು, ಹೆಣ್ಣಿನ ಕಡೆಗೆ ಪಾಳಿ ಇಲ್ಲ ಎಂದು ಅವನನ್ನು ಕಳಿಸಿಬಿಟ್ಟಿದ್ದರಂತೆ. ಸಂಸ್ಥಾನದ ಕಾಲ, ಮಾತಿನಲ್ಲೇ ಮುಗಿದದ್ದು. ಕಂಪ್ಲಿಯ ದಾಯಾದಿಗಳಿಗೆ ಗೊತ್ತಿರಲಿಲ್ಲ. ಗೊತ್ತಾದರೆ ನಮ್ಮ ಅಪೀಲಿನ ಬುಡವೇ ಅಲ್ಲಾಡುತ್ತಿತ್ತು.

ಅಧ್ಯಾಯ ನಿಂತಿದ್ದು ಅದರ ಮೇಲೆಯೇ. ಒಬ್ಬನೇ ಮನುಷ್ಯ ಗುಡ್ಡದ ಆಚೆ ಸಂಡೂರಿನಲ್ಲಿ ಒಂದು ರೂಢಿ ಹೇಳುತ್ತಾನೆ, ಈಚೆ ಕಂಪ್ಲಿಯಲ್ಲಿ ಅವನ ವಂಶ ಇನ್ನೊಂದು ಹೇಳುತ್ತದೆ. ರೂಢಿ ಎಂಬುದು ಮೊದಲೇ ಇದ್ದು ಕೋರ್ಟಿಗೆ ಬರುತ್ತದೋ, ಕೇಳುವವರು ಯಾರೆಂದು ನೋಡಿ ಹುಟ್ಟುತ್ತದೋ? ಊರಿನ ಹೆಸರು, ಮನೆತನದ ಹೆಸರು ಬದಲಿಸಿ ಸೀನಿಯರ್ ಅದನ್ನು ಬಹಳ ಚೆನ್ನಾಗಿ ಬರೆದಿದ್ದರು. ಟೈಪು ಹೊಡೆಯುವಾಗ ನಾನು ನಡುವೆ ನಿಲ್ಲಿಸಿ ಮತ್ತೆ ಓದಿಕೊಂಡಿದ್ದುಂಟು.

ಪ್ರಸ್ತಾವ ಹೋಯಿತು. ಕಬ್ಬು ಕಡಿಯುವ ಕಾಲಕ್ಕೆ ಹೋದದ್ದಕ್ಕೆ ಉತ್ತರ ಬಂದಾಗ ಬೇಸಿಗೆ. ದಪ್ಪ ಲಕೋಟೆ. ಒಳಗೆ ಸಂಪಾದಕಿಯ ಕಾಗದ, ಅದರ ಹಿಂದೆ, ಪ್ರಸ್ತಾವ ಓದಿ ಅಭಿಪ್ರಾಯ ಹೇಳಲು ಪ್ರಕಾಶನ ಕೇಳಿಕೊಂಡಿದ್ದ ಇಬ್ಬರು ಪರಿಶೀಲಕರ ವರದಿ. ಪರಿಶೀಲಕರ ಹೆಸರಿರಲಿಲ್ಲ.

ಮೊದಲನೆಯವರು, ಪುಸ್ತಕದಲ್ಲಿ ಕಾನೂನು ಅತಿಯಾಯಿತು, ನಂಬಿಕೆಯ ಕಡೆ ಇನ್ನಷ್ಟು ಬರಲಿ, ಮಾದರಿ ಅಧ್ಯಾಯವೇ ಪುಸ್ತಕದ ಹೃದಯ ಎಂದಿದ್ದರು. ಎರಡನೆಯವರು, ಕಥೆ ಅತಿಯಾಯಿತು, ಕಾನೂನಿನ ಕಡೆ ಗಟ್ಟಿ ಮಾಡಿ ಎಂದಿದ್ದರು. ಸಂಪಾದಕಿ, ವರದಿಗಳು ಉತ್ತೇಜನಕಾರಿಯಾಗಿವೆ, ನಿಮ್ಮ ಪ್ರತಿಕ್ರಿಯೆ ಬಂದ ಮೇಲೆ ಎಲ್ಲವನ್ನೂ ನಮ್ಮ ಪ್ರಕಟಣಾ ಮಂಡಳಿಯ ಮುಂದಿಡುತ್ತೇನೆ ಎಂದಿದ್ದರು.

ಸೀನಿಯರ್ ಮೂರು ಕಾಗದಗಳನ್ನೂ ಮೇಜಿನ ಮೇಲೆ ಹರವಿ ಕೂತರು.

"ತಂಗೀ, ಇದು ಡಿಕ್ರಿನೋ, ಡಿಸ್ಮಿಸ್ಸೋ?"

ನನಗೂ ಗೊತ್ತಾಗಲಿಲ್ಲ. ಡೈರಿಯ ಬಲಪುಟದಲ್ಲಿ ಗೆರೆ ಎಳೆದು, ಪರವಾಗಿರುವ ವಾಕ್ಯಗಳನ್ನು ಒಂದು ಕಡೆ, ವಿರುದ್ಧ ಇರುವವನ್ನು ಇನ್ನೊಂದು ಕಡೆ ಬರೆದುಕೊಂಡೆ. ಸಮ ಬಂತು. ಕೆಲವು ವಾಕ್ಯಗಳನ್ನು ಎಲ್ಲಿಗೆ ಹಾಕುವುದೆಂದೇ ತಿಳಿಯಲಿಲ್ಲ. 'ಮಹತ್ವಾಕಾಂಕ್ಷೆಯ ಪ್ರಸ್ತಾವ' ಎನ್ನುವುದು ಹೊಗಳಿಕೆಯೇ?

"ಹೆಸರಿಲ್ಲದ ಪ್ರತಿವಾದಿ," ಎಂದು ಸೀನಿಯರ್ ಗೊಣಗಿದರು. "ಎಲ್ಲ್ಯರ ಕಂಡೀಯೇನು? ಹೆಸರಿಲ್ಲ, ವಿಳಾಸಿಲ್ಲ. ಆದ್ರ ತಕರಾರು ಅದ."

ಮೇಡಂ ಆ ವಾರ ಪರೀಕ್ಷೆಯ ಕೆಲಸಕ್ಕೆ ಸಂಡೂರಿಗೆ ಹೋಗಿದ್ದರು. ಕೋರ್ಟಿನಲ್ಲಿ ಎದುರಿನವರ ಲಿಖಿತ ಕೈಫಿಯತ್ತಿಗೆ ಹೇಗೆ ಉತ್ತರ ಕೊಡುತ್ತಾರೋ ಹಾಗೆ ಸೀನಿಯರ್ ಕಂಡಿಕೆವಾರು ಉತ್ತರ ಹೇಳಿದರು, ನಾನು ಹೊಡೆದೆ. ಮೊದಲ ಪರಿಶೀಲಕರ ಒಂದನೇ ಕಂಡಿಕೆಯನ್ನು ಪ್ರಶಂಸೆಯ ಮಟ್ಟಿಗೆ ಒಪ್ಪಲಾಗಿದೆ. ಎರಡನೇ ಕಂಡಿಕೆ ಸುಳ್ಳು, ಅಲ್ಲಗಳೆಯಲಾಗಿದೆ. ಮೂರನೆಯದನ್ನು ಪರಿಶೀಲಕರೇ ಸಾಕ್ಷ್ಯಸಮೇತ ರುಜುವಾತು ಮಾಡಬೇಕು. ರಿಜಿಸ್ಟರ್ ಅಂಚೆಯಲ್ಲಿ, ಸ್ವೀಕೃತಿ ಚೀಟಿ ಸಮೇತ ಕಳಿಸಿದೆವು.

ಸಂಡೂರಿನಿಂದ ಬಂದ ಮೇಡಂ ನಕಲು ಓದಿ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು.

"ಅಯ್ಯೋ ಶಿವನೇ. ಕಳಿಸೇಬಿಟ್ರಾ? ಅವ್ರು ನಮ್ಮ ಎದುರಾಳಿ ಅಲ್ರೀ! ಅವ್ರು ಓದಿ ಸಲಹಾ ಕೊಟ್ಟಾರ. ಇದನ್ನ ತಿದ್ದತೀವಿ, ಇದನ್ನ ಈ ಕಾರಣಕ್ಕ ತಿದ್ದಂಗಿಲ್ಲ ಅಂತ ಬರೀಬೇಕು. ಅಲ್ಲಗಳೀಬಾರದು."

"ಸುಮ್ನಿದ್ರ ಒಪ್ಪಿದಂಗ ಆಗ್ತದಲ್ರೀ."

"ಒಪ್ಪಿದ್ರೇನಾತು?"

ಒಪ್ಪಿಕೊಂಡು ಗೆದ್ದ ಮೊಕದ್ದಮೆಯನ್ನು ಸೀನಿಯರ್ ಕಂಡಿರಲಿಲ್ಲ.

ಸಂಪಾದಕಿ ಕೋಪಿಸಿಕೊಳ್ಳಲಿಲ್ಲ. ನಿಮ್ಮ ಉತ್ತರವನ್ನು ಆಸಕ್ತಿಯಿಂದ ಓದಿದೆ, ಇದನ್ನು ಮಂಡಳಿಯ ಮುಂದಿಡುವ ಮೊದಲು ಇನ್ನೊಮ್ಮೆ ಬರೆದರೆ ಒಳ್ಳೆಯದು ಎಂದು ಬರೆದರು. ಆಮೇಲೆ ಒಂದು ಮಾತು ಸೇರಿಸಿದ್ದರು. ಎರಡನೆಯ ಪರಿಶೀಲಕರ ಕೊನೆಯ ಪ್ರಶ್ನೆಗೆ ತಾವು ಉತ್ತರಿಸಿಲ್ಲ, ಅದಕ್ಕೆ ಮಾತ್ರ ಉತ್ತರ ಬೇಕೇ ಬೇಕು.

ನಾವು ವರದಿಯನ್ನು ಮತ್ತೆ ತೆಗೆದೆವು. ಕೊನೆಯ ಹಾಳೆಯ ತುದಿಯಲ್ಲಿ ಇತ್ತು. ಹೊಗಳಿಕೆ ಎಷ್ಟು, ತೆಗಳಿಕೆ ಎಷ್ಟು ಎಂದು ಲೆಕ್ಕ ಹಾಕುವ ಭರದಲ್ಲಿ ಅದು ಎರಡಕ್ಕೂ ಸೇರದೆ ಉಳಿದುಹೋಗಿತ್ತು. ಲೇಖಕರು ಈ ಮೊಕದ್ದಮೆಯಲ್ಲಿ ಒಂದು ಪಕ್ಷದ ವಕೀಲರಂತೆ ಕಾಣುತ್ತದೆ. ಗುಡ್ಡದ ಆಚೆಯ ಸಂಗತಿ ಕೋರ್ಟಿನ ದಾಖಲೆಯಲ್ಲಿ ಬಂದಿದೆಯೇ, ಅಥವಾ ಕಕ್ಷಿದಾರರು ವಕೀಲರಿಗೆ ಹೇಳಿದ್ದೇ? ಹೇಳಿದ್ದಾದರೆ ಪ್ರಕಟಿಸಲು ಅವರ ಒಪ್ಪಿಗೆ ಇದೆಯೇ?

ಸೀನಿಯರ್ ಆ ಹಾಳೆಯನ್ನು ಬೋರಲು ಇಟ್ಟರು. ಬಾಗಿಲು ಮುಂದೆ ಮಾಡಿ ಅರ್ಚಕರು ಹೇಳಿದ್ದ ಮಾತದು.

"ಹೆಸರು ಬದಲಿಸೀವಲ್ರೀ," ಎಂದರು ಮೇಡಂ, ಮೆತ್ತಗೆ.

"ಹೆಸರು ಬದಲಿಸಬಹುದು. ಹೊಳಿ, ಗುಡ್ಡ, ಹೆಣ್ಣಿನ ಕಡೆಯ ಮೊಮ್ಮಗ, ತಡೆಯಾಜ್ಞೆ, ಇವನ್ನೆಲ್ಲ ಹೆಂಗ ಬದಲಿಸೋದ್ರೀ? ಎದುರಿನ ವಕೀಲ ಒಂದು ಪುಟ ಓದಿದ್ರ ಸಾಕು, ಯಾರು ಅಂತ ತಿಳೀತದ."

ನಾನು ಸಾಕ್ಷ್ಯ ಅಧಿನಿಯಮ ತೆಗೆದು ನೋಡಿದೆ. ಕಕ್ಷಿದಾರ ತನ್ನ ವಕೀಲನಿಗೆ ಹೇಳಿದ್ದನ್ನು ಅವನ ಸ್ಪಷ್ಟ ಒಪ್ಪಿಗೆಯಿಲ್ಲದೆ ವಕೀಲ ಹೊರಗೆಡಹುವಂತಿಲ್ಲ. ವಕಾಲತ್ತು ಮುಗಿದ ಮೇಲೂ ಆ ಕಟ್ಟು ಮುಗಿಯುವುದಿಲ್ಲ. ಅಪೀಲು ಮುಗಿಯುವವರೆಗೆ ಕಾದರಾಯಿತು ಎಂದು ಮೇಡಂ ಅಂದುಕೊಂಡಿದ್ದ ದಾರಿಯೂ ಮುಚ್ಚಿತು. ಉಳಿದದ್ದು ಒಪ್ಪಿಗೆ ಕೇಳುವುದು.

ಭಾನುವಾರ ನಾವು ಮೂವರೂ ಕಂಪ್ಲಿ ಬಸ್ಸು ಹತ್ತಿದೆವು. ಕಾಲುವೆಯ ಪಕ್ಕದ ದಾರಿಯುದ್ದಕ್ಕೂ ಮೇಡಂ ಕಿಟಕಿಯ ಕಡೆಗೆ ಮುಖ ಮಾಡಿ ಕೂತಿದ್ದರು. ಆ ಅಧ್ಯಾಯವಿಲ್ಲದೆ ಮೊದಲ ಪರಿಶೀಲಕರ ಮೆಚ್ಚುಗೆ ಯಾವುದಕ್ಕೆ ಅಂಟಿಕೊಳ್ಳಬೇಕು ಎಂದು ಅವರು ಹಿಂದಿನ ದಿನವೇ ಕೇಳಿದ್ದರು.

ಅರ್ಚಕರು ಪಡಸಾಲೆಯಲ್ಲಿ ಚಾಪೆ ಹಾಸಿದರು. ಅವರ ತಾಯಿ, ಯಾವ ಹೆಣ್ಣಿನ ಮೂಲಕ ಪಾಳಿ ಬಂತೆಂದು ಕೋರ್ಟಿನಲ್ಲಿ ಜಗಳವೋ ಆ ಹೆಣ್ಣು, ಒಳಬಾಗಿಲ ಬಳಿ ಗೋಡೆಗೆ ಒರಗಿ ಕೂತರು. ನಮ್ಮ ಮೊಕದ್ದಮೆಯನ್ನು ಒಂದು ಪುಸ್ತಕದಲ್ಲಿ ಬರೆಯುತ್ತಿದ್ದೇನೆ ಎಂದು ಸೀನಿಯರ್ ಹೇಳುತ್ತಿದ್ದಂತೆ ಅರ್ಚಕರ ಮುಖ ಅರಳಿತು.

"ಬರೀರಿ ವಕೀಲ್ ಸಾಹೇಬ್ರ! ಧಾರಾಳ ಬರೀರಿ. ಎಲ್ಲಿ ಸಹಿ ಮಾಡ್ಬೇಕು ಹೇಳ್ರಿ."

"ಪೂರ್ತಿ ಕೇಳ್ರಿ ಮೊದ್ಲು."

"ಏನ್ ಕೇಳೋದ್ರಿ? ನೀವು ಕೋರ್ಟಿನಾಗ ಆ ದಪ್ಪ ದಪ್ಪ ಪುಸ್ತಕ ತೆಗದು ತೋರಿಸ್ತೀರಲ್ಲ, ಜಡ್ಜ್ ಸಾಹೇಬ್ರು ಕನ್ನಡಕ ಏರಿಸ್ಕೊಂಡು ಓದ್ತಾರ, ಆಮ್ಯಾಲ ಹೂಂ ಅಂತಾರ. ನಮ್ದೂ ಅಚ್ಚಾದ್ರ ಅದನ್ನೂ ತೋರಿಸ್ಬಹುದು. ಎದುರಿನವ್ರ ಹತ್ರ ಪುಸ್ತಕ ಎಲ್ಲದ?"

ಮೇಡಂ ನನ್ನ ಕಡೆ ನೋಡಿದರು. ನಾನು ಚಾಪೆ ನೋಡಿದೆ.

"ಅದು ಆ ಥರದ ಪುಸ್ತಕ ಅಲ್ರೀ," ಎಂದರು ಸೀನಿಯರ್. "ಅದು ತೀರ್ಪಿನ ಪುಸ್ತಕ. ಇದು ಓದೋ ಮಂದಿಗೆ. ಇದನ್ನ ತೋರಿಸಿ ಕೇಸು ಗೆಲ್ಲಾಕ ಆಗಂಗಿಲ್ಲ. ಮ್ಯಾಲ, ಸಂಡೂರಿನ ಸಂಗತಿನೂ ಇದ್ರಾಗ ಬರ್ತದ."

"ಅಜ್ಜಂದಾ?" ಅರ್ಚಕರು ಒಳಬಾಗಿಲಿನತ್ತ ಒಮ್ಮೆ ನೋಡಿದರು. "ಬರ್ಲಿ ಬಿಡ್ರಿ. ಚೆಂದ ಮಾಡಿ ಬರೀರಿ. ನೀವು ಬರದ್ರ ನಮ್ಗ ಕೆಟ್ಟಾಗಂಗ ಬರೀತೀರೇನು? ಜಡ್ಜ್ ಸಾಹೇಬ್ರಿಗೂ ತಿಳೀತದ, ಇವ್ರು ಮುಚ್ಚಿಟ್ಟಿಲ್ಲ ಅಂತ."

ಸೀನಿಯರ್ ಇನ್ನೊಮ್ಮೆ ಹೇಳಿದರು. ಅರ್ಚಕರು ಇನ್ನೊಮ್ಮೆ ಒಪ್ಪಿದರು. ಪ್ರತಿ ಸಲ ವಿವರಿಸಿದಾಗಲೂ ಅವರ ಒಪ್ಪಿಗೆ ಗಟ್ಟಿಯಾಗುತ್ತ ಹೋಯಿತು, ಅರ್ಥವಾದಂತೆ ಮಾತ್ರ ಕಾಣಲಿಲ್ಲ. ಒಪ್ಪಿಗೆಪತ್ರ ನನ್ನ ಚೀಲದಲ್ಲಿ ಟೈಪಾಗಿ ಸಿದ್ಧವಿತ್ತು. ತೆಗೆಯಬೇಕೋ ಬೇಡವೋ ತಿಳಿಯದೆ ಚೀಲದ ಬಾಯಿ ಹಿಡಿದು ಕೂತಿದ್ದೆ.

ಆಗ ಒಳಬಾಗಿಲಿನಿಂದ ತಾಯಿ ಕೇಳಿದರು, "ವಕೀಲಪ್ಪಾ, ಅದು ಅಚ್ಚಾದ ಮರುದಿನ ನನ್ನ ಮಗ ಗುಡಿ ಬಾಗ್ಲಾ ತೆಗೀತಾನೋ, ಇಲ್ಲೋ?"

"ಹೇಳ್ಲಿಕ್ಕೆ ಬರಂಗಿಲ್ಲವ್ವಾ."

"ಮತ್ತ ಈಗ?"

"ಈಗ ತೆಗೀತಾನ."

ಅವರು ತಲೆಯಾಡಿಸಿ ಎದ್ದು ಒಳಗೆ ಹೋದರು. ಮಗ, "ನಮ್ಮವ್ವಗ ಪುಸ್ತಕದ್ದು ತಿಳಿಯಂಗಿಲ್ರೀ, ನೀವು ಮುಂದುವರೀರಿ," ಎಂದರು. ಸೀನಿಯರ್ ಮುಂದುವರಿಯಲಿಲ್ಲ. ಕೊಟ್ಟ ಹಾಲು ಕುಡಿದು, ಅಪೀಲಿನ ಮುಂದಿನ ತಾರೀಕು ತಿಳಿಸಿ ಎದ್ದರು.

ಬಸ್ಸಿನಲ್ಲಿ ಮೇಡಂ ತಡೆಯಲಾರದೆ ಕೇಳಿದರು.

"ಒಪ್ಪಿದ್ರಲ್ರೀ! ಮೂರ್ನಾಕು ಸಲ ಒಪ್ಪಿದ್ರು. ನೀವ್ಯಾಕ ಸಹಿ ತಗೊಳ್ಳಿಲ್ಲ?"

"ಅವ್ರು ಒಪ್ಪಿದ್ದು ಬ್ಯಾರೆ ಪುಸ್ತಕಕ್ಕ. ಅಂಥಾ ಪುಸ್ತಕ ನಾವು ಬರದಿಲ್ಲ."

"ನನ್ನ ನಾಕು ಅಧ್ಯಾಯ ಅದಾವ್ರೀ ಅದ್ರಾಗ."

"ಗೊತ್ತದರೀ," ಎಂದರು ಸೀನಿಯರ್. ಇಬ್ಬರಲ್ಲಿ ಯಾರ ಕಡೆ ನಾನಿದ್ದೆ ಎಂದು ಆ ದಿನದ ಪುಟದಲ್ಲಿ ಬರೆಯಲು ಕೂತೆ. ಎರಡು ಸಲ ಬರೆದು ಎರಡು ಸಲವೂ ಹೊಡೆದುಹಾಕಿದ್ದೇನೆ.

ಆಮೇಲೆ ಕಳಿಸಿದ ಪ್ರತಿಕ್ರಿಯೆಯನ್ನು ಮೇಡಂ ಅವರೇ ಬರೆದರು, ಬಹಳ ಒಪ್ಪವಾಗಿ. ಇಷ್ಟು ತಿದ್ದುತ್ತೇವೆ, ಇಷ್ಟನ್ನು ಈ ಕಾರಣಕ್ಕೆ ಬಿಡುತ್ತೇವೆ. ಮಾದರಿ ಅಧ್ಯಾಯವನ್ನು ವೃತ್ತಿಯ ಗೌಪ್ಯದ ಕಾರಣಕ್ಕೆ ಹಿಂತೆಗೆದುಕೊಂಡಿದ್ದೇವೆ, ಪ್ರತಿಗಳನ್ನು ದಯವಿಟ್ಟು ಹಿಂದಿರುಗಿಸಿ, ಬದಲಿಗೆ ಹೊಳೆಯ ಎರಡು ದಡದ ಕಾಯ್ದೆಗಳನ್ನು ಹೋಲಿಸುವ ಅಧ್ಯಾಯ ಲಗತ್ತಿಸಿದೆ. ಸೀನಿಯರ್ ಒಂದಕ್ಷರವನ್ನೂ ಬದಲಿಸದೆ ಸಹಿ ಹಾಕಿದರು.

ಪ್ರತಿಗಳು ಮೊದಲು ವಾಪಸು ಬಂದವು, ಮಂಡಳಿಯ ನಿರ್ಧಾರ ಮಳೆಗಾಲ ಮುಗಿಯುವ ಹೊತ್ತಿಗೆ. ಈ ಸಲ ಗೆರೆ ಎಳೆದು ಲೆಕ್ಕ ಹಾಕುವ ಅಗತ್ಯವಿರಲಿಲ್ಲ. ಹಿಂತೆಗೆದುಕೊಂಡ ಕಾರಣವನ್ನು ಮಂಡಳಿ ಗೌರವಿಸುತ್ತದೆ, ಆದರೆ ಆ ಅಧ್ಯಾಯವಿಲ್ಲದೆ ಪುಸ್ತಕಕ್ಕೆ ತನ್ನದೇ ಆದ ವಾದ ಉಳಿದಂತೆ ಕಾಣುವುದಿಲ್ಲ. ಸಂಪಾದಕಿ ಕೆಳಗೆ ಕೈಬರಹದಲ್ಲಿ ಒಂದು ಸಾಲು ಸೇರಿಸಿ, ತಮಗೆ ವೈಯಕ್ತಿಕವಾಗಿ ಬೇಸರವಾಗಿದೆ ಎಂದಿದ್ದರು. ಮೇಡಂ ಆ ಸಾಲನ್ನು ಓದಿ, ಕಾಗದವನ್ನು ಮಡಿಚಿ ನನಗೆ ಕೊಟ್ಟರು. ಅವರ ಅಧ್ಯಾಯಗಳಲ್ಲಿ ಎರಡು ಆಮೇಲೆ ಬೇರೆ ಬೇರೆ ಪತ್ರಿಕೆಗಳಲ್ಲಿ ಬಂದವು. ಸೀನಿಯರ್ ಮತ್ತೆ ಪುಸ್ತಕದ ಮಾತೆತ್ತಲಿಲ್ಲ.

ಮುಂದಿನ ತಾರೀಕಿಗೆ ಅರ್ಚಕರು ಕೋರ್ಟಿಗೆ ಬಂದರು. ಎದುರಿನ ವಕೀಲರು ಮುಂದಕ್ಕೆ ಹಾಕಲು ಕೇಳಿದರು, ಸೀನಿಯರ್ ಅಡ್ಡ ಹೇಳಲಿಲ್ಲ, ತಡೆಯಾಜ್ಞೆ ಮುಂದುವರಿಯಿತು. ಹೊರಗೆ ಬೇವಿನ ಮರದ ಕೆಳಗೆ ಅರ್ಚಕರು ಬಾಳೆಎಲೆಯಲ್ಲಿ ಕಟ್ಟಿ ತಂದಿದ್ದ ಪ್ರಸಾದ ಕೊಟ್ಟು ಕೇಳಿದರು.

"ಪುಸ್ತಕ ಬಂತೇನ್ರಿ?"

"ಇಲ್ರಿ. ನಿಮ್ಮ ಕೇಸಿಂದು ಬಿಟ್ಟು ಕಳಿಸಿದ್ವಿ. ಅವ್ರು ಒಲ್ಲೆ ಅಂದ್ರು."

ಅರ್ಚಕರು ಸೀನಿಯರ್ ಅವರನ್ನು, ನನ್ನನ್ನು, ಮತ್ತೆ ಸೀನಿಯರ್ ಅವರನ್ನು ನೋಡಿದರು. ಅವರ ಮುಖ ಸಣ್ಣದಾಯಿತು.

"ಯಾಕ್ರಿ ಬಿಟ್ರಿ? ನಾನು ಹೂಂ ಅಂದಿದ್ನಲ್ರಿ. ಇಷ್ಟು ವರ್ಷ ನಿಮ್ಮನ್ನ ನಂಬೀನಿ, ನಮ್ಮ ಮನಿತನ ಪುಸ್ತಕದಾಗ ಬರಾಕ ಲಾಯಕ್ಕಿಲ್ಲ ಅಂತ ನಿಮ್ಗ ಅನಿಸ್ತೇನು?"

ಸೀನಿಯರ್ ಏನೋ ಹೇಳಲು ಬಾಯಿ ತೆರೆದರು. ಕೋರ್ಟಿನ ಆವರಣ, ಸುತ್ತಲೂ ಜನ, ನಾಲ್ಕು ಮಾರು ದೂರದಲ್ಲಿ ದಾಯಾದಿಗಳು ಚಹಾ ಕುಡಿಯುತ್ತ ನಿಂತಿದ್ದರು. ಸೀನಿಯರ್ ಬಾಯಿ ಮುಚ್ಚಿ, ಪ್ರಸಾದವನ್ನು ಕಣ್ಣಿಗೊತ್ತಿಕೊಂಡರು.

"ತಪ್ಪಾತ್ರಿ," ಎಂದರು.

"ಹೋಗ್ಲಿ ಬಿಡ್ರಿ," ಎಂದರು ಅರ್ಚಕರು, ಇನ್ನೂ ಮುನಿಸಿನಲ್ಲೇ, ಮತ್ತು ಸಂಜೆಯ ಪೂಜೆಗೆ ಹೊತ್ತಾಗುತ್ತದೆಂದು ಕಂಪ್ಲಿಯ ಬಸ್ಸಿಗೆ ಬಿರಬಿರನೆ ನಡೆದರು.